ಶೆಲ್ಫಿನಲ್ಲಿ ಮಾಲಿದೆ, ಆದರೆ ಎಷ್ಟಕ್ಕೆ ಮಾತು ಕೊಡಬಹುದು?

ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪದ ಕಾಫಿಪುಡಿ, ಕರಿಮೆಣಸು, ಜೇನಿನ ಅಂಗಡಿಯವರಿಂದ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ. "ಸ್ಟಾಕ್ ನೋಡಿಯೇ ಆರ್ಡರ್ ತಗೊಂಡಿದ್ದೆವು. ಆದರೂ ಕಳಿಸುವ ದಿನ ಮಾಲು ಸಾಲಲಿಲ್ಲ. ತಪ್ಪಿದ್ದೆಲ್ಲಿ?" ಸ್ಟಾಕ್ ನೋಡಿದ್ದರಲ್ಲಿ ತಪ್ಪಿಲ್ಲ. ನೋಡಿದ ಅಂಕಿಯೇ ಬೇರೆಯದು. ಗೋಡೌನಿನಲ್ಲಿ ಎಷ್ಟಿದೆ ಎಂಬುದು ಒಂದು ಲೆಕ್ಕ. ಅದರಲ್ಲಿ ಇನ್ನೂ ಯಾರಿಗೂ ಮಾತು ಕೊಡದೆ ಉಳಿದದ್ದು ಎಷ್ಟು ಎಂಬುದು ಇನ್ನೊಂದು ಲೆಕ್ಕ. ಆರ್ಡರ್ ತೆಗೆದುಕೊಳ್ಳುವವರಿಗೆ ಬೇಕಾದದ್ದು ಎರಡನೆಯದು.

ಈ ಎರಡನೆಯ ಲೆಕ್ಕಕ್ಕೆ ಸರಕು ನಿರ್ವಹಣೆಯವರು ಅವೈಲಬಲ್ ಟು ಪ್ರಾಮಿಸ್, ಚಿಕ್ಕದಾಗಿ ಎಟಿಪಿ, ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಹೊಸ ಗಿರಾಕಿಗೆ ಮಾತು ಕೊಡಬಹುದಾದ ಮಾಲು. ಮಾತು ಕೊಟ್ಟ ತಕ್ಷಣ ಅಷ್ಟು ಮಾಲನ್ನು ಬೇರೆಯವರಿಗೆ ಸಿಗದಂತೆ ಲೆಕ್ಕದಲ್ಲಿ ಎತ್ತಿಡುವುದನ್ನು ರಿಸರ್ವೇಶನ್, ಅಂದರೆ ಕಾದಿರಿಸುವುದು, ಎನ್ನುತ್ತಾರೆ. ಎಟಿಪಿ ಲೆಕ್ಕ ಹಾಕಿ ಕಾದಿರಿಸದೆ ಬಿಟ್ಟರೆ ಮುಂದಿನ ಫೋನ್ ಕರೆಗೇ ಆ ಅಂಕಿ ಹಳತಾಗುತ್ತದೆ. ಲೆಕ್ಕ ಹಾಕದೆ ಕಾದಿರಿಸಿದರೆ ಇಲ್ಲದ ಮಾಲನ್ನು ಎತ್ತಿಟ್ಟಂತಾಗುತ್ತದೆ. ಅದಕ್ಕೇ ಎರಡನ್ನೂ ಒಟ್ಟಿಗೆ ವಿವರಿಸುತ್ತಿದ್ದೇನೆ.

ಉದಾಹರಣೆಗೆ ಮಡಿಕೇರಿಯ ಒಂದು ಅಂಗಡಿಯನ್ನು ಇಟ್ಟುಕೊಳ್ಳೋಣ. ಅಂಗಡಿ ಕಲ್ಪಿತ, ಅಂಕಿಗಳೂ ವಿವರಣೆಗಾಗಿ ಹಾಕಿಕೊಂಡವು. ಮಾಲು ಒಂದೇ: 80ಕ್ಕೆ 20 ಚಿಕೋರಿ ಬೆರೆಸಿದ ಕಾಫಿಪುಡಿ, 500 ಗ್ರಾಮಿನ ಪ್ಯಾಕೆಟ್. ಅದು ಮೂರು ದಾರಿಯಲ್ಲಿ ಮಾರಾಟವಾಗುತ್ತದೆ: ಕೌಂಟರಿನಲ್ಲಿ ಪ್ರವಾಸಿಗರಿಗೆ, ವಾಟ್ಸ್ಆ್ಯಪ್‌ನಲ್ಲಿ ಹೋಂಸ್ಟೇ ಮತ್ತು ರೆಸಾರ್ಟಿನವರಿಗೆ, ಪಾರ್ಸೆಲ್ ಮೂಲಕ ಬೆಂಗಳೂರಿಗೆ. ಮೂರು ದಾರಿಗೂ ಇರುವುದು ಒಂದೇ ಶೆಲ್ಫ್.

ಮೊದಲು ಕೈಗೆ ಬೇಕಾದದ್ದು

ದೊಡ್ಡ ಸಾಫ್ಟ್‌ವೇರ್ ಬೇಡ. ಅಂಗಡಿಯ ಎಲ್ಲರೂ ಮೊಬೈಲಿನಲ್ಲೇ ತೆರೆಯಬಹುದಾದ ಒಂದು ಗೂಗಲ್ ಶೀಟ್ ಸಾಕು. ಅದರಲ್ಲಿ ಎರಡು ಹಾಳೆ ಮಾಡಿ. ಒಂದು `Stock`, ಒಂದು ಮಾಲಿಗೆ ಒಂದು ಸಾಲು. ಇನ್ನೊಂದು `Book`, ಕೊಟ್ಟ ಒಂದೊಂದು ಮಾತಿಗೂ ಒಂದು ಸಾಲು. `Book` ಹಾಳೆಯಲ್ಲಿ ಏಳು ಕಾಲಂ ಇರಲಿ. ಬರೆದ ದಿನ ಮತ್ತು ಗಂಟೆ, ಮಾಲಿನ ಕೋಡ್, ಗಿರಾಕಿಯ ಹೆಸರು, ಎಷ್ಟು ಪ್ಯಾಕೆಟ್, ಯಾವ ದಿನಕ್ಕೆ ಬೇಕು, ಸ್ಥಿತಿ, ಮತ್ತು ಹಿಡಿದಿಟ್ಟದ್ದು ಎಷ್ಟು ಹೊತ್ತಿನವರೆಗೆ. ಕೊನೆಯ ಎರಡು ಕಾಲಮ್ಮಿನ ಕೆಲಸ ಮೂರನೇ ಹಂತದಲ್ಲಿ ಬರುತ್ತದೆ.

ಹಂತ 1: ಕೈಯಲ್ಲಿರುವುದನ್ನು ಎಣಿಸಿ, ಮಾರಲಾಗದ್ದನ್ನು ಕಳೆಯಿರಿ

ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಎಣಿಸಿ. ನಮ್ಮ ಉದಾಹರಣೆಯಲ್ಲಿ ಶೆಲ್ಫ್ ಮತ್ತು ಗೋಡೌನ್ ಸೇರಿ 140 ಪ್ಯಾಕೆಟ್ ಸಿಕ್ಕಿತು. ಇದರಲ್ಲಿ 6ರ ಸೀಲ್ ಬಿಟ್ಟಿದೆ, 4 ಗಿರಾಕಿ ಹಿಂತಿರುಗಿಸಿದ್ದು. ಈ 10ನ್ನು ಬೇರೆ ಡಬ್ಬದಲ್ಲಿ ಹಾಕಿ, ಶೀಟಿನಲ್ಲಿ "ತಡೆದಿಟ್ಟದ್ದು" ಎಂದು ಬರೆಯಿರಿ. ಮಾತಿನ ಲೆಕ್ಕಕ್ಕೆ ಸಿಗುವುದು 130.

ಸೀಲ್ ಬಿಟ್ಟದ್ದು ಮನೆಗಾಗುತ್ತದೆ, ಹಿಂತಿರುಗಿದ್ದು ಮತ್ತೆ ಮಾರಬಹುದೇನೋ ಎಂಬ ಯೋಚನೆ ಸಹಜ. ಆದರೆ ಅದನ್ನು ನೋಡಿ ತೀರ್ಮಾನಿಸುವವರೆಗೆ ಲೆಕ್ಕದಿಂದ ಹೊರಗಿಡಿ. ಪುಡಿ ಗಾಳಿ ಹೀರಿ ಘಮ ಕಳೆದುಕೊಂಡ ಪ್ಯಾಕೆಟನ್ನು ನಂಬಿ ಹೋಂಸ್ಟೇಗೆ ಮಾತು ಕೊಟ್ಟರೆ ಕೊನೆಗೆ ಪ್ಯಾಕ್ ಮಾಡುವ ಹುಡುಗನೇ ಅದನ್ನು ಎತ್ತಿ ಪಕ್ಕಕ್ಕಿಡುತ್ತಾನೆ, ಅಷ್ಟು ಹೊತ್ತಿಗೆ ಗಾಡಿ ಬಾಗಿಲಲ್ಲಿ ನಿಂತಿರುತ್ತದೆ.

ಹಂತ 2: ವಾರವಾರದ ಎಟಿಪಿ ಹಾಕಿ

ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೋಗೋಣ.

ಬರಲಿರುವ ಮಾಲು ಯಾವುದು, ಯಾವಾಗ ಎಂದು ಮೊದಲು ಬರೆಯಿರಿ. ಈ ಅಂಗಡಿಗೆ ಕುಶಾಲನಗರದ ಕಡೆಯ ಒಂದು ಘಟಕದಲ್ಲಿ ಬೀಜ ಹುರಿದು, ಪುಡಿ ಮಾಡಿ, ಪ್ಯಾಕ್ ಮಾಡಿ ಕೊಡುತ್ತಾರೆ. ಎರಡನೇ ವಾರದ ಆರಂಭಕ್ಕೆ 100 ಪ್ಯಾಕೆಟ್, ನಾಲ್ಕನೇ ವಾರದ ಆರಂಭಕ್ಕೆ 120 ಬರಬೇಕು. ಆಮೇಲೆ ಈಗಾಗಲೇ ಕೊಟ್ಟ ಮಾತುಗಳನ್ನು, ಕೌಂಟರಿಗೆಂದು ಎತ್ತಿಟ್ಟದ್ದನ್ನೂ ಸೇರಿಸಿ, ಬೇಕಾದ ವಾರದ ಎದುರು ಬರೆಯಿರಿ. ತಿಂಗಳು ಅಕ್ಟೋಬರ್ ಎಂದಿಟ್ಟುಕೊಳ್ಳಿ. ಎರಡನೇ ವಾರದ ಕೊನೆಗೆ ಕಾವೇರಿ ಸಂಕ್ರಮಣ ಬರುವುದರಿಂದ ತಲಕಾವೇರಿಗೆ ಹೋಗಿ ಬರುವವರ ಓಡಾಟ ಹೆಚ್ಚು, ಕೌಂಟರಿನಲ್ಲಿ ಕೈ ಬಿಡುವಿರುವುದಿಲ್ಲ.

| ವಾರ | ಕೈಯಲ್ಲಿರುವುದು / ಬರಲಿರುವುದು | ಕೊಟ್ಟ ಮಾತು |
|---|---|---|
| 1 | 130 | 70 (ಹೋಂಸ್ಟೇ 25, ಬೆಂಗಳೂರು ಪಾರ್ಸೆಲ್ 15, ಕೌಂಟರ್ 30) |
| 2 | 100 | 110 (ತೋಟದ ಕಚೇರಿಯೊಂದರ ಉಡುಗೊರೆ ಪ್ಯಾಕ್ 60, ಕೌಂಟರ್ 50) |
| 3 | 0 | 20 (ಕೌಂಟರ್) |
| 4 | 120 | 40 (ಹೋಂಸ್ಟೇ 20, ಕೌಂಟರ್ 20) |

ಈಗ ಮೊದಲ ವಾರ ಬುಧವಾರ ಒಂದು ರೆಸಾರ್ಟಿನ ಖರೀದಿ ವಿಭಾಗದವರು ಫೋನ್ ಮಾಡಿ "ಶುಕ್ರವಾರಕ್ಕೆ 50 ಪ್ಯಾಕೆಟ್ ಬೇಕು" ಎನ್ನುತ್ತಾರೆ. ಕೌಂಟರಿನಲ್ಲಿ ಕೂತವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ: 130ರಲ್ಲಿ 70 ಹೋದರೆ 60 ಉಳಿಯಿತು, 50 ಕೊಡಬಹುದು. "ಆಯ್ತು ಸಾರ್, ಕಳಿಸ್ತೇವೆ" ಎಂದು ಬಿಡುತ್ತಾರೆ.

ಕೊಡಬಾರದು. ಎರಡನೇ ವಾರ ನೋಡಿ. ಬರುವುದು 100. ಅದು ಮುಂದಿನ ಹುರಿತ ಬರುವವರೆಗೆ, ಅಂದರೆ ಎರಡನೇ ಮತ್ತು ಮೂರನೇ ವಾರ ಎರಡಕ್ಕೂ ಸಾಲಬೇಕು. ಎರಡೂ ವಾರದ ಮಾತು 110 ಮತ್ತು 20, ಒಟ್ಟು 130. ಕೊರತೆ 30. ಆ 30 ಬರಬೇಕಾದದ್ದು ಇವತ್ತು ಶೆಲ್ಫಿನಲ್ಲಿ ಕಾಣುವ ಮಾಲಿನಿಂದಲೇ. ಹಾಗಾಗಿ ಮೊದಲ ವಾರದ 60ರಲ್ಲಿ 30 ಆಗಲೇ ಬೇರೆಯವರ ಪಾಲಾಗಿದೆ. ಕಣ್ಣಿಗೆ ಕಾಣುತ್ತದೆ, ಮಾತು ಕೊಡುವಂತಿಲ್ಲ.

ವಿಧಾನವನ್ನು ಹೀಗೆ ನೆನಪಿಡಿ. ಮಾಲು ಬರುವ ಪ್ರತಿ ವಾರಕ್ಕೂ, ಬಂದದ್ದರಿಂದ ಮುಂದಿನ ಮಾಲು ಬರುವವರೆಗಿನ ಎಲ್ಲ ಮಾತುಗಳನ್ನು ಕಳೆಯಿರಿ. ಉತ್ತರ ಸೊನ್ನೆಗಿಂತ ಕೆಳಗೆ ಹೋದರೆ ಆ ಕೊರತೆಯನ್ನು ಹಿಂದಿನ ವಾರದಿಂದ ತೆಗೆಯಿರಿ, ಅಲ್ಲೂ ಸಾಲದಿದ್ದರೆ ಅದಕ್ಕೂ ಹಿಂದಿನದರಿಂದ. ಕೊನೆಯ ವಾರದಿಂದ ಶುರು ಮಾಡಿ ಹಿಂದಕ್ಕೆ ಬನ್ನಿ, ಸುಲಭವಾಗುತ್ತದೆ.

ನಾಲ್ಕನೇ ವಾರ: 120ರಲ್ಲಿ 40 ಹೋಗಿ 80. ಎರಡನೇ ವಾರ: 100ರಲ್ಲಿ 130 ಹೋಗಬೇಕು, 30 ಕೊರತೆ, ಆದ್ದರಿಂದ ಎಟಿಪಿ ಸೊನ್ನೆ. ಮೊದಲ ವಾರ: 60ರಲ್ಲಿ ಆ 30 ಕಳೆದು 30. ರೆಸಾರ್ಟಿನವರಿಗೆ ಹೇಳಬೇಕಾದ ಉತ್ತರ ಇಲ್ಲಿಂದ ತಾನಾಗಿ ಬರುತ್ತದೆ: "ಶುಕ್ರವಾರ 30 ಕಳಿಸುತ್ತೇವೆ ಸಾರ್. ಉಳಿದ 20 ನಾಲ್ಕನೇ ವಾರದ ಹೊಸ ಹುರಿತದಲ್ಲಿ. ಎರಡು ಸಲ ಬೇಡವೆಂದರೆ 50ನ್ನೂ ಒಟ್ಟಿಗೆ ಆಗ ಕೊಡಬಹುದು." ಎಷ್ಟೋ ಸಲ ಗಿರಾಕಿ ಮೊದಲನೆಯದಕ್ಕೇ ಒಪ್ಪುತ್ತಾರೆ, ಏಕೆಂದರೆ 50 ಎಂಬುದು ಅವರ ತಿಂಗಳ ಅಂದಾಜು, ಶುಕ್ರವಾರದ ಅಗತ್ಯವಲ್ಲ. ಕೇಳದೆ ಗೊತ್ತಾಗುವುದಿಲ್ಲ.

ಬರಲಿರುವ ಮಾಲನ್ನು ಲೆಕ್ಕಕ್ಕೆ ಸೇರಿಸುವಾಗ ಎರಡು ವಿಷಯದಲ್ಲಿ ಬಿಗಿಯಾಗಿರಿ.

ಒಂದು, ತೂಕ. ಬೀಜ ಹುರಿದಾಗ ತೇವಾಂಶ ಹೋಗಿ ಸುಮಾರು ಶೇ 15ರಿಂದ 18ರಷ್ಟು ತೂಕ ಇಳಿಯುತ್ತದೆ. ಹುರಿತ ಗಾಢವಾದಷ್ಟೂ ಇಳಿಕೆ ಹೆಚ್ಚು. 50 ಕಿಲೋದ ಒಂದು ಚೀಲ ಹುರಿಯದ ಬೀಜದಿಂದ ಸಿಗುವುದು 41–42 ಕಿಲೋ. ನಮ್ಮ 100 ಪ್ಯಾಕೆಟ್ ಎಂದರೆ 50 ಕಿಲೋ ಪುಡಿ, ಅದರಲ್ಲಿ 40 ಕಿಲೋ ಕಾಫಿ, 10 ಕಿಲೋ ಚಿಕೋರಿ. ಆ 40 ಕಿಲೋಗೆ ಹುರಿಯದ ಬೀಜ ಸುಮಾರು 48 ಕಿಲೋ ಬೇಕು. ಚೀಲದ ತೂಕವನ್ನೇ ಪ್ಯಾಕೆಟ್‌ಗೆ ಭಾಗಿಸಿ "ಬರಲಿರುವುದು" ಎಂದು ಬರೆದವರ ಶೀಟಿನಲ್ಲಿ ಪ್ರತಿ ಹುರಿತಕ್ಕೂ ಒಂದಷ್ಟು ಪ್ಯಾಕೆಟ್ ಇಲ್ಲದ್ದೇ ಇರುವಂತೆ ಕಾಣುತ್ತದೆ. ಕರಿಮೆಣಸಿನ ವ್ಯಾಪಾರದವರಿಗೂ ಇದೇ ಮಾತು. ಇನ್ನೂ ಕಣದಲ್ಲಿ ಒಣಗುತ್ತಿರುವ ಮೆಣಸಿನ ತೂಕ ಲೆಕ್ಕಕ್ಕೆ ಬರುವಂಥದ್ದಲ್ಲ.

ಎರಡು, ಖಾತ್ರಿ. ಬೀಜ ಘಟಕಕ್ಕೆ ತಲುಪಿ, ಹುರಿಯುವ ದಿನ ಅವರ ಬಾಯಿಂದ ಬಂದ ಮೇಲೆಯೇ ಆ ಸಾಲನ್ನು ಸೇರಿಸಿ. "ಮುಂದಿನ ವಾರ ಮಾಡಿಸಿದರಾಯಿತು" ಎಂಬುದು ನಿಮ್ಮ ಯೋಚನೆ, ಬರಲಿರುವ ಮಾಲಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟ್ ಹೋಗುವುದು, ಮರ ಬಿದ್ದು ರಸ್ತೆ ನಿಲ್ಲುವುದು ನಮಗೆ ಹೊಸದಲ್ಲ. ಆ ತಿಂಗಳುಗಳಲ್ಲಿ ಘಟಕದವರು ಹೇಳಿದ ದಿನಕ್ಕೆ ಎರಡು ಮೂರು ದಿನ ಸೇರಿಸಿ ಬರೆಯಿರಿ, ಬೇಸಿಗೆಯಲ್ಲಿ ಒಂದು ದಿನ ಸಾಕು.

ವಾರದ ಲೆಕ್ಕದಲ್ಲಿ ಒಂದು ಮಿತಿಯೂ ಇದೆ. ಮಾಲು ಗುರುವಾರ ಬಂದು ಗಿರಾಕಿಗೆ ಮಂಗಳವಾರ ಬೇಕಾಗಿದ್ದರೆ ಪಟ್ಟಿಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ದಿನಕ್ಕೆ ಹತ್ತಾರು ಆರ್ಡರ್ ಇರುವವರು ದಿನದ ಲೆಕ್ಕವನ್ನೇ ಹಾಕಬೇಕು. ಉಳಿದವರು ವಾರದ ಕೊನೆಗೆ ಬರುವ ಮಾಲನ್ನು ಮುಂದಿನ ವಾರದ ಸಾಲಿಗೆ ಬರೆದುಬಿಟ್ಟರೆ ಈ ತೊಂದರೆ ತಪ್ಪುತ್ತದೆ.

ಹಂತ 3: ಹಿಡಿದಿಟ್ಟದ್ದು ಬೇರೆ, ಖಚಿತವಾದದ್ದು ಬೇರೆ

ವಿಚಾರಿಸಿದವರೆಲ್ಲ ಕೊಳ್ಳುವುದಿಲ್ಲ. ಆದರೆ ವಿಚಾರಿಸಿ "ಸಂಜೆ ಹೇಳ್ತೇನೆ" ಎಂದವರಿಗೆ ಸಂಜೆ ಇಲ್ಲವೆನ್ನುವುದೂ ಸರಿಯಲ್ಲ. ಇದಕ್ಕೆ ಎರಡು ಸ್ಥಿತಿ ಇಟ್ಟುಕೊಳ್ಳಿ.

`HOLD` ಎಂದರೆ ತಾತ್ಕಾಲಿಕವಾಗಿ ಹಿಡಿದಿಟ್ಟದ್ದು. ಇದಕ್ಕೆ ಗಡುವು ಕಡ್ಡಾಯ, ಕೊನೆಯ ಕಾಲಂ ಇರುವುದು ಇದಕ್ಕೇ. `FIRM` ಎಂದರೆ ಗಿರಾಕಿ ಖಚಿತಪಡಿಸಿದ ಆರ್ಡರ್, ಇದಕ್ಕೆ ಗಡುವಿಲ್ಲ. ಮಾಲು ಹೋದ ಮೇಲೆ `SENT`, ಬೇಡವೆಂದರೆ `CANCEL`. ಈ ನಾಲ್ಕೇ ಸಾಕು. ಇನ್ನೂ ಸೂಕ್ಷ್ಮವಾಗಿ ಎಂಟು ಹತ್ತು ಸ್ಥಿತಿ ಮಾಡಿಕೊಂಡ ಅಂಗಡಿಗಳಲ್ಲಿ ಯಾವುದು ಲೆಕ್ಕದಿಂದ ಕಳೆಯುತ್ತದೆ, ಯಾವುದು ಕಳೆಯುವುದಿಲ್ಲ ಎಂದು ಯಾರಿಗೂ ನೆನಪಿರುವುದಿಲ್ಲ.

ಗಡುವು ಎಷ್ಟಿರಬೇಕು? ನಾನು ಹೇಳುವುದು ಇಷ್ಟು. ಫೋನಿನಲ್ಲಿ ಕೇಳಿದ ಹೋಂಸ್ಟೇಯವರಿಗೆ ಅದೇ ದಿನ ಸಂಜೆ ಆರರವರೆಗೆ. ಲಿಖಿತ ಆರ್ಡರ್ ಕಳಿಸಬೇಕಾದ ರೆಸಾರ್ಟಿಗೆ ಎರಡು ಕೆಲಸದ ದಿನ. ಹಣದ ಲಿಂಕ್ ಕಳಿಸಿದ ಆನ್‌ಲೈನ್ ಗಿರಾಕಿಗೆ ಹದಿನೈದು ನಿಮಿಷ. ಒಂದು ಸಲ ಮಾತ್ರ ಮುಂದೂಡಲು ಬಿಡಿ. ಗಡುವಿಲ್ಲದ ಅಥವಾ ಮತ್ತೆ ಮತ್ತೆ ಮುಂದೂಡುವ ಹಿಡಿತ ಇದ್ದರೆ ಮಾರಾಟದವರು ತಮ್ಮ ಗಿರಾಕಿಗಳಿಗೆಂದು ಮೊದಲೇ ಮಾಲು ಬಾಚಿಟ್ಟುಕೊಳ್ಳುತ್ತಾರೆ. ಶೀಟಿನಲ್ಲಿ ಏನೂ ಇಲ್ಲ, ಶೆಲ್ಫಿನಲ್ಲಿ ರಾಶಿ ಇದೆ ಎಂದಾದರೆ ಕಾರಣ ಬಹುಪಾಲು ಇದೇ.

ಗಡುವು ಮುಗಿದ ಹಿಡಿತವನ್ನು ಅಳಿಸಲು ಯಾರೂ ಕಾಯಬೇಕಿಲ್ಲ, ಸೂತ್ರವೇ ಬಿಟ್ಟುಬಿಡುತ್ತದೆ. `Stock` ಹಾಳೆಯಲ್ಲಿ ಮಾಲಿನ ಕೋಡ್ `A2`ನಲ್ಲಿದ್ದರೆ, ಕಾದಿರಿಸಿದ ಒಟ್ಟು ಹೀಗೆ ಬರುತ್ತದೆ:

```
=SUMIFS(Book!D:D, Book!B:B, A2, Book!F:F, "FIRM")
+SUMIFS(Book!D:D, Book!B:B, A2, Book!F:F, "HOLD", Book!G:G, ">"&NOW())
```

ಮೊದಲ ಸಾಲು ಖಚಿತವಾದವನ್ನು ಕೂಡುತ್ತದೆ, ಎರಡನೆಯದು ಗಡುವು ಇನ್ನೂ ಮುಗಿಯದ ಹಿಡಿತಗಳನ್ನು ಮಾತ್ರ. ಗೂಗಲ್ ಶೀಟ್ ಸಾಮಾನ್ಯವಾಗಿ ಯಾರಾದರೂ ಏನಾದರೂ ಬರೆದಾಗಷ್ಟೇ `NOW()` ಅನ್ನು ಮತ್ತೆ ಲೆಕ್ಕ ಹಾಕುತ್ತದೆ. ಶೀಟಿನ ಸೆಟ್ಟಿಂಗ್‌ನಲ್ಲಿ ಲೆಕ್ಕಾಚಾರವನ್ನು ನಿಮಿಷಕ್ಕೊಮ್ಮೆ ಎಂದು ಬದಲಾಯಿಸಿ. ಇನ್ನೊಂದು ಮಾತು: ಈ ಸೂತ್ರ ಎಲ್ಲ ವಾರಗಳ ಮಾತನ್ನೂ ಒಟ್ಟಿಗೆ ಕೂಡುತ್ತದೆ. ಹಂತ 2ರ ಪಟ್ಟಿಗೆ ವಾರದ ಮೊದಲ ಮತ್ತು ಕೊನೆಯ ದಿನಾಂಕವನ್ನು `Book!E:E` ಮೇಲೆ ಇನ್ನೆರಡು ಷರತ್ತಾಗಿ ಸೇರಿಸಿಕೊಳ್ಳಿ.

ಕೌಂಟರನ್ನೂ ಒಬ್ಬ ಗಿರಾಕಿ ಎಂದೇ ತಿಳಿಯಿರಿ. ಬಸ್ ಇಳಿದು ಬಂದವರು ಮೊದಲೇ ಆರ್ಡರ್ ಕೊಡುವುದಿಲ್ಲ, ಆದರೆ ಬಂದೇ ಬರುತ್ತಾರೆ. ಹಿಂದಿನ ಬಿಲ್ಲುಗಳನ್ನು ನೋಡಿ ಆ ವಾರಕ್ಕೆ ಎಷ್ಟು ಬೇಕೋ ಅಷ್ಟನ್ನು "ಕೌಂಟರ್" ಎಂಬ ಹೆಸರಿನಲ್ಲಿ `HOLD` ಹಾಕಿ, ಗಡುವು ಭಾನುವಾರ ರಾತ್ರಿ. ಮಾರಾಟವಾಗದೆ ಉಳಿದದ್ದು ಸೋಮವಾರ ಬೆಳಿಗ್ಗೆ ತಾನಾಗಿ ಎಲ್ಲರಿಗೂ ತೆರೆದುಕೊಳ್ಳುತ್ತದೆ.

ಹಂತ 4: ನೋಡುವುದು ಮತ್ತು ಬರೆಯುವುದು ಒಂದೇ ಉಸಿರಿಗೆ

ಇದು ಚಿಕ್ಕ ಹಂತ ಎನಿಸುತ್ತದೆ. ಆದರೆ ನಾನು ಲೆಕ್ಕ ನೋಡುತ್ತಿದ್ದ ಒಂದು ಅಂಗಡಿಯಲ್ಲಿ ಶುಕ್ರವಾರದ ಗದ್ದಲವೆಲ್ಲ ಇಲ್ಲಿಂದಲೇ ಹುಟ್ಟುತ್ತಿತ್ತು. ಅಣ್ಣ ಕೌಂಟರಿನಲ್ಲಿ ಶೀಟ್ ನೋಡುತ್ತಾನೆ, 30 ಇದೆ. ತಮ್ಮ ಗೋಡೌನಿನಲ್ಲಿ ಫೋನ್ ಹಿಡಿದು ಅದೇ ಹೊತ್ತಿಗೆ ನೋಡುತ್ತಾನೆ, ಅವನಿಗೂ 30. ಇಬ್ಬರೂ ಬೇರೆ ಬೇರೆ ಗಿರಾಕಿಗೆ ಹೂಂ ಅನ್ನುತ್ತಾರೆ, ಆಮೇಲೆ ಬರೆಯುತ್ತಾರೆ. ಇಬ್ಬರೂ ಸುಳ್ಳು ಹೇಳಲಿಲ್ಲ. ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಸಂದು ಇತ್ತು, ಅಷ್ಟೇ.

ಶೀಟ್ ಬಳಸುವವರು ಕ್ರಮವನ್ನು ತಿರುಗಿಸಿ. ಗಿರಾಕಿ ಫೋನಿನಲ್ಲಿರುವಾಗಲೇ ಮೊದಲು `HOLD` ಸಾಲು ಬರೆಯಿರಿ, ಆಮೇಲೆ ಉಳಿದದ್ದೆಷ್ಟು ಎಂದು ನೋಡಿ, ಆಮೇಲೆ ಬಾಯಿ ಬಿಡಿ. ಉಳಿದದ್ದು ಸೊನ್ನೆಗಿಂತ ಕೆಳಗೆ ಹೋಗಿದ್ದರೆ ಇನ್ಯಾರೋ ಅದೇ ಹೊತ್ತಿಗೆ ಬರೆದಿದ್ದಾರೆ ಎಂದರ್ಥ. ಆಗ ಗಂಟೆ ನೋಡಿ, ನಂತರ ಬರೆದವರು ತಮ್ಮ ಸಾಲನ್ನು ರದ್ದು ಮಾಡಬೇಕು. ಈ ನಿಯಮವನ್ನು ಮೊದಲೇ ಎಲ್ಲರೂ ಒಪ್ಪಿಕೊಂಡಿರಬೇಕು, ಇಲ್ಲವಾದರೆ ಹಿರಿಯರ ಸಾಲು ಉಳಿದು ಕಿರಿಯರ ಸಾಲು ಹೋಗುತ್ತದೆ.

ಆನ್‌ಲೈನ್ ಅಂಗಡಿಗೆ ಸ್ವಂತ ಡೇಟಾಬೇಸ್ ಇರುವವರು ತಂತ್ರಾಂಶ ಬರೆಯುವವರಿಗೆ ಈ ನಾಲ್ಕು ಸಾಲು ತೋರಿಸಿ. ಪರೀಕ್ಷೆ ಮತ್ತು ಬರಹ ಎರಡೂ ಒಂದೇ ಆಜ್ಞೆಯಲ್ಲಿವೆ, ನಡುವೆ ಯಾರೂ ನುಗ್ಗಲಾರರು.

```sql
UPDATE stock
SET reserved = reserved + 20
WHERE item = 'CP500'
  AND on_hand - blocked - reserved >= 20;
```

ಇದು ಒಂದು ಸಾಲನ್ನು ಬದಲಿಸಿತು ಎಂದರೆ 20 ಪ್ಯಾಕೆಟ್ ನಿಮ್ಮದು. ಸೊನ್ನೆ ಸಾಲು ಎಂದರೆ ಮಾಲಿಲ್ಲ, ಗಿರಾಕಿಗೆ ಹಾಗೆಯೇ ಹೇಳಬೇಕು. ಮೊದಲು `SELECT` ಮಾಡಿ ಓದಿ, ಆಮೇಲೆ ಬೇರೆ ಆಜ್ಞೆಯಲ್ಲಿ ಬರೆಯುವ ತಂತ್ರಾಂಶದಲ್ಲಿ ಅಣ್ಣ ತಮ್ಮಂದಿರ ಕಥೆಯೇ ಮರುಕಳಿಸುತ್ತದೆ, ಹಬ್ಬದ ದಿನ ಇನ್ನೂ ಹೆಚ್ಚು. ಇಲ್ಲಿ ಇವತ್ತಿನ ಸ್ಟಾಕ್ ಮಾತ್ರ ಇದೆ, ಮುಂದಿನ ವಾರಗಳ ಲೆಕ್ಕ ಇಲ್ಲ. ಆದ್ದರಿಂದ ಆನ್‌ಲೈನಿಗೆ ಬಿಡುವ ಪಾಲನ್ನು ಹಂತ 2ರ ಎಟಿಪಿಗಿಂತ ಹೆಚ್ಚಿಸಬೇಡಿ.

ಸಿದ್ಧ ತಂತ್ರಾಂಶ ಬಳಸುವವರಿಗೂ ಒಂದು ಎಚ್ಚರಿಕೆ. ಆರ್ಡರ್ ನಮೂದಿಸಿದ ಮಾತ್ರಕ್ಕೆ ಮಾಲು ಬೇರೆಯವರಿಗೆ ಸಿಗದಂತೆ ತಡೆಯುತ್ತದೆ ಎಂದು ಭಾವಿಸಬೇಡಿ. ಎಷ್ಟೋ ಕಡೆ ಅದು ಬರೀ ದಾಖಲೆ. ಎರಡು ಪರೀಕ್ಷಾ ಆರ್ಡರ್ ಹಾಕಿ, ಎರಡನೆಯದನ್ನು ತಡೆಯುತ್ತದೆಯೇ ಎಂದು ನೀವೇ ನೋಡಿ. ಇಆರ್‌ಪಿನೆಕ್ಸ್ಟ್ ಎಂಬ ತಂತ್ರಾಂಶದಲ್ಲಿ ಕಾಣುವ `Projected Qty` ಅಂಕಿಯನ್ನು ಎಟಿಪಿ ಎಂದುಕೊಂಡವರೂ ಇದ್ದಾರೆ. ಆ ಅಂಕಿಯಲ್ಲಿ ಇನ್ನೂ ತರಿಸಬೇಕೆಂದು ಬರೆದಿಟ್ಟ ಬೇಡಿಕೆಯೂ ಸೇರಿರುತ್ತದೆ. ಅದು ಖರೀದಿ ಮಾಡುವವರು ನೋಡಬೇಕಾದದ್ದು, ಮಾರುವವರಲ್ಲ.

ಹಂತ 5: ಮಾಲು ಹೊರಟಾಗ ಎರಡೂ ಕಡೆ ಕಡಿಮೆ ಮಾಡಿ

ಕಾದಿರಿಸುವಾಗ ಕೈಯಲ್ಲಿರುವ ಸ್ಟಾಕನ್ನು ಮುಟ್ಟಬೇಡಿ. ಮಾಲು ಇನ್ನೂ ಶೆಲ್ಫಿನಲ್ಲೇ ಇದೆ. ಗಾಡಿ ಹೊರಟಾಗ ಸ್ಟಾಕ್ ಕಡಿಮೆಯಾಗಬೇಕು, ಅದೇ ಹೊತ್ತಿಗೆ ಕಾದಿರಿಸಿದ ಸಾಲು `SENT` ಆಗಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಒಂದೇ ಪ್ಯಾಕೆಟ್ ಎರಡು ಸಲ ಕಳೆಯುತ್ತದೆ, ಅಥವಾ ಒಮ್ಮೆಯೂ ಕಳೆಯುವುದಿಲ್ಲ.

ಕೌಂಟರಿನಲ್ಲಿ ಈ ತಪ್ಪು ದಿನವೂ ಆಗುತ್ತದೆ. ಶನಿವಾರ 12 ಪ್ಯಾಕೆಟ್ ಬಿಲ್ ಆಯಿತು, ಸ್ಟಾಕ್ 12 ಇಳಿಯಿತು, ಆದರೆ "ಕೌಂಟರ್ 30" ಸಾಲು ಹಾಗೇ ಉಳಿಯಿತು. ಈಗ ಶೀಟಿನ ಪ್ರಕಾರ ಇನ್ನೂ 30 ಕೌಂಟರಿಗೆ ಬೇಕು. ಇಲ್ಲದ ಬೇಡಿಕೆಗೆ 12 ಪ್ಯಾಕೆಟ್ ಸಿಕ್ಕಿಹಾಕಿಕೊಂಡಿತು. ಬಿಲ್ ಮುಗಿದ ಮೇಲೆ ಆ ಸಾಲನ್ನು 18ಕ್ಕೆ ಇಳಿಸಬೇಕು. ಪ್ರತಿ ಬಿಲ್ಲಿಗೂ ಆಗದಿದ್ದರೆ ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಇಳಿಸಿದರೂ ಸಾಕು. ಅರ್ಧ ಮಾತ್ರ ಕಳಿಸಿದ ಆರ್ಡರಿಗೂ ಇದೇ ಕ್ರಮ: 60ರಲ್ಲಿ 35 ಹೋದರೆ 35ರ ಸಾಲು `SENT`, 25ರ ಹೊಸ ಸಾಲು `FIRM`, ಹೊಸ ದಿನಾಂಕದೊಂದಿಗೆ.

ಯಾವ ಹುರಿತದ ಪ್ಯಾಕೆಟ್ ಯಾರಿಗೆ ಎಂಬುದನ್ನು ಪ್ಯಾಕ್ ಮಾಡುವ ದಿನದವರೆಗೆ ತೀರ್ಮಾನಿಸಬೇಡಿ. ಮೊದಲೇ ಹೆಸರು ಅಂಟಿಸಿಟ್ಟರೆ, ಆ ಗಿರಾಕಿ ದಿನ ಮುಂದೂಡಿದಾಗ ಹಳೆಯ ಪುಡಿ ಮೂಲೆಯಲ್ಲಿ ಕೂತು ಹೊಸದು ಹೊರಗೆ ಹೋಗುತ್ತದೆ. ಪ್ಯಾಕ್ ಮಾಡುವಾಗ ಹಳೆಯ ಹುರಿತ ಮೊದಲು.

ಒಂದೇ ಪುಡಿಯಿಂದ 500 ಗ್ರಾಮ್ ಮತ್ತು 200 ಗ್ರಾಮ್ ಎರಡೂ ಪ್ಯಾಕೆಟ್ ಮಾಡುವವರು ಇನ್ನೊಂದು ವಿಷಯ ಗಮನಿಸಿ. ಇನ್ನೂ ಪ್ಯಾಕ್ ಮಾಡದ 50 ಕಿಲೋ ಪುಡಿಯನ್ನು ಎರಡೂ ಮಾಲಿನ ಸಾಲಿನಲ್ಲಿ ಪೂರ್ತಿ ತೋರಿಸಿದರೆ, ಇಲ್ಲಿ 100 ಪ್ಯಾಕೆಟ್, ಅಲ್ಲಿ 250 ಪ್ಯಾಕೆಟ್ ಎಂದು ಕಾಣುತ್ತದೆ. ಇರುವುದು ಎರಡರಲ್ಲಿ ಒಂದು ಮಾತ್ರ. ಹುರಿಯಲು ಕೊಡುವಾಗಲೇ ಎಷ್ಟು ಯಾವ ಅಳತೆಗೆ ಎಂದು ಹಂಚಿ ಬರೆಯಿರಿ, ಅಥವಾ ಮಾತಿನ ಲೆಕ್ಕವನ್ನೇ ಕಿಲೋದಲ್ಲಿ ಇಡಿ.

ಹಂತ 6: ದಿನಕ್ಕೆ ಹತ್ತು ನಿಮಿಷದ ತಪಾಸಣೆ

ಸಂಜೆ ಬಾಗಿಲು ಹಾಕುವ ಮೊದಲು ಮೂರು ಕಡೆ ಕಣ್ಣು ಹಾಯಿಸಿ. ಬೇಕಾದ ದಿನ ದಾಟಿದರೂ `FIRM` ಆಗಿಯೇ ಇರುವ ಸಾಲು ಇದೆಯೇ? ಮಾಲು ಹೋಗಿದ್ದು ಬರೆಯಲು ಮರೆತಿರಬಹುದು, ಇಲ್ಲವೇ ನಿಜವಾಗಿಯೂ ಹೋಗಿಲ್ಲ. ಎರಡೂ ಅಂದೇ ಗೊತ್ತಾಗಬೇಕು. ಯಾವುದಾದರೂ ವಾರದ ಎಟಿಪಿ, ಹಿಂದಿನ ವಾರಗಳಿಂದ ತೆಗೆದ ಮೇಲೂ ಸೊನ್ನೆಗಿಂತ ಕೆಳಗಿದೆಯೇ? ಪ್ಯಾಕ್ ಮಾಡುವವರು "ಶೀಟಿನಲ್ಲಿದೆ, ಶೆಲ್ಫಿನಲ್ಲಿಲ್ಲ" ಎಂದರೇ? ಈ ಮೂರನೆಯದು ತಿಂಗಳಿಗೆ ಎರಡು ಮೂರು ಸಲ ಆದರೆ ತಪ್ಪು ಕಾದಿರಿಸುವುದರಲ್ಲಿಲ್ಲ, ಎಣಿಕೆಯಲ್ಲಿದೆ. ಆ ಮಾಲನ್ನು ವಾರಕ್ಕೆ ಒಂದರ ಬದಲು ಎರಡು ಸಲ ಎಣಿಸಿ.

ಹಂತ 7: ಬರಬೇಕಾದ ಮಾಲು ತಡವಾದರೆ

ನಮ್ಮ ಉದಾಹರಣೆಗೇ ಮರಳೋಣ. ರೆಸಾರ್ಟಿನವರು 30 ಈ ವಾರ, 20 ನಾಲ್ಕನೇ ವಾರ ಎಂದು ಒಪ್ಪಿದರು. ಈಗ ಮೊದಲ ವಾರದ ಎಟಿಪಿ ಸೊನ್ನೆ, ನಾಲ್ಕನೇ ವಾರದ್ದು 60. ಮೊದಲ ವಾರದ ಶನಿವಾರ ಘಟಕದಿಂದ ಫೋನ್: ಹುರಿಯುವ ಯಂತ್ರದ ಮೋಟಾರ್ ಕೆಟ್ಟಿದೆ, ಎರಡನೇ ವಾರದ 100 ಪ್ಯಾಕೆಟ್ ಮೂರನೇ ವಾರಕ್ಕೆ.

ಎಲ್ಲರಿಗೂ ಫೋನ್ ಮಾಡುವ ಮೊದಲು ಶೀಟಿನಲ್ಲಿ ಆ 100ರ ದಿನಾಂಕ ಬದಲಿಸಿ. ಮೊದಲ ವಾರ 130ರಲ್ಲಿ 70 ಮತ್ತು 30 ಹೋಗಿ 30 ಉಳಿಯುತ್ತದೆ. ಎರಡನೇ ವಾರಕ್ಕೆ ಬೇಕಾದದ್ದು 110. ಕೊರತೆ 80.

ಇಲ್ಲಿ ಯಾರಿಗೆ ಕಡಿಮೆ ಮಾಡಬೇಕು ಎಂಬುದು ಜೋರಾಗಿ ಮಾತಾಡುವವರ ಮೇಲೆ ನಿಲ್ಲಬಾರದು. ಖಚಿತ ಆರ್ಡರ್ ಕೊಟ್ಟವರಿಗೆ ನೀವು ದಿನ ಹೇಳಿದ್ದೀರಿ. ಕೌಂಟರಿನ 50 ನಿಮ್ಮದೇ ಅಂದಾಜು, ಅಲ್ಲಿ ಯಾರಿಗೂ ಮಾತು ಹೋಗಿಲ್ಲ. ಹಾಗಾಗಿ ಮೊದಲು ಕತ್ತರಿ ಬೀಳುವುದು ಕೌಂಟರಿಗೆ. ಸಂಕ್ರಮಣದ ವಾರದಲ್ಲಿ ಇದು ನಷ್ಟವೇ, ನೋವೂ ಆಗುತ್ತದೆ. 200 ಗ್ರಾಮಿನ ಪ್ಯಾಕೆಟ್ ಇದ್ದರೆ ಕೌಂಟರಿನಲ್ಲಿ ಅದನ್ನು ಮುಂದಿಡಿ. ಕೌಂಟರಿನ 50 ತೆಗೆದ ಮೇಲೂ 30 ಸಾಲದು, ಅದು ತೋಟದ ಕಚೇರಿಯ 60ರಿಂದಲೇ ಬರಬೇಕು.

ಕಚೇರಿಯವರಿಗೆ ಅದೇ ಶನಿವಾರ ಫೋನ್ ಮಾಡಿ. "ಅರ್ಧ ಹೇಳಿದ ದಿನಕ್ಕೇ ಬರುತ್ತದೆ, ಉಳಿದ 30 ಅದರ ಮುಂದಿನ ವಾರ" ಎಂದು ಹೇಳಿ. ಯಾರಿಗೆ ಮೊದಲು ಹಂಚಬೇಕು ಎಂದು ಅವರೇ ತೀರ್ಮಾನಿಸಲು ಅವರಿಗೆ ಸಮಯ ಸಿಗುತ್ತದೆ. ಶೀಟಿನಲ್ಲಿ ಅವರ ಸಾಲನ್ನು ಎರಡಾಗಿ ಒಡೆಯಿರಿ: 30 ಎರಡನೇ ವಾರ, 30 ಮೂರನೇ ವಾರ.

ಮೂರನೇ ವಾರ 100 ಬಂದಾಗ ಕಚೇರಿಯ 30, ಕೌಂಟರಿನ 20 ಹೋಗಿ 50 ತೆರೆದಿರುತ್ತದೆ. ನಾಲ್ಕನೇ ವಾರದ 60ಕ್ಕೆ ಏನೂ ಆಗಿಲ್ಲ, ರೆಸಾರ್ಟಿನ 20 ಅದರ ಜಾಗದಲ್ಲೇ ಇದೆ, ಅವರಿಗೆ ಫೋನ್ ಮಾಡಬೇಕಾದ ಅಗತ್ಯವಿಲ್ಲ. ಮೂರನೇ ವಾರದ ಆ 50ನ್ನು ಹೊಸ ಆರ್ಡರಿಗೆ ಬಿಡುವುದೋ, ಕೌಂಟರಿಗೆ ಹೆಚ್ಚುವರಿಯಾಗಿ ಹಿಡಿದಿಡುವುದೋ ಎಂಬುದನ್ನು ಮಾತ್ರ ಮಾಲು ಬಾಗಿಲಿಗೆ ಬಂದು, ಎಣಿಸಿ, ಸೀಲ್ ನೋಡಿದ ಮೇಲೆ ತೀರ್ಮಾನಿಸಿ. ಒಮ್ಮೆ ತಡವಾದ ಹುರಿತ ಇನ್ನೊಮ್ಮೆ ತಡವಾಗಬಹುದು, ಅಷ್ಟರವರೆಗೆ ಆ ಸಾಲಿನ ಮೇಲೆ ಹೊಸ ಮಾತು ಬೇಡ.